ನಾಲ್ಕೂವರೆಯ ಹಸಿವು: ನೀರು ಕುಡಿದರೆ ಹೋಗುವುದೆಲ್ಲ ನೀರಡಿಕೆಯೇ?

ಪ್ರಶ್ನೆ: ನಾನು ಮಂಡ್ಯದ ಹತ್ತಿರ ಪ್ರೌಢಶಾಲೆಯ ಶಿಕ್ಷಕಿ. ವಯಸ್ಸು 41, ತೂಕ 60 ಕಿಲೋ. ಮಧ್ಯಾಹ್ನ ಊಟ ಮಾಡಿದ್ದರೂ ನಾಲ್ಕೂವರೆಗೆ ಮನೆ ಸೇರುವಷ್ಟರಲ್ಲಿ ಹೊಟ್ಟೆ ಚುರುಗುಟ್ಟುತ್ತದೆ, ಸುಸ್ತಾಗುತ್ತದೆ. ನಿಪ್ಪಟ್ಟು, ಮದ್ದೂರು ವಡೆ, ಏನು ಸಿಕ್ಕರೂ ತಿಂದುಬಿಡುತ್ತೇನೆ. ಶಾಲೆಯ ಶೌಚಾಲಯ ಸರಿಯಿಲ್ಲದ್ದರಿಂದ ನೀರು ಕುಡಿಯುವುದು ಕಡಿಮೆ. "ಅದು ಹಸಿವಲ್ಲ, ನೀರಡಿಕೆ" ಎನ್ನುತ್ತಾಳೆ ಗೆಳತಿ. ಒಂದು ಲೋಟ ನೀರು ಕುಡಿದರೆ ಹಸಿವು ಹೋಗುವುದೂ ನಿಜ, ಆದರೆ ಅರ್ಧ ಗಂಟೆಗೆ ಮತ್ತೆ ಬರುತ್ತದೆ. ಮೆದುಳು ನಿಜವಾಗಿ ಇವೆರಡನ್ನೂ ಅದಲುಬದಲು ಮಾಡಿಕೊಳ್ಳುತ್ತದೆಯೇ ಡಾಕ್ಟರೇ? ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವ ನಮ್ಮ ಅತ್ತೆಗೂ (72 ವರ್ಷ) ಹಸಿವೆಂದಾಗ ಮೊದಲು ನೀರು ಕೊಡಬಹುದೇ?

ಉತ್ತರ: ಅತ್ತೆಯವರ ವಿಷಯ ತಡಮಾಡುವಂಥದ್ದಲ್ಲವಾದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ. ಅವರ ಮೇಲೆ ಈ ಉಪಾಯವನ್ನು ಪ್ರಯೋಗಿಸಬೇಡಿ. ಸಕ್ಕರೆ ಕಾಯಿಲೆಯ ಮಾತ್ರೆಗಳಲ್ಲಿ ಕೆಲವು, ಮುಖ್ಯವಾಗಿ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಾಮೈಡ್ ಮುಂತಾದವು, ರಕ್ತದ ಸಕ್ಕರೆಯನ್ನು ಅಗತ್ಯಕ್ಕಿಂತ ಕೆಳಗೆ ಇಳಿಸಿಬಿಡಬಲ್ಲವು. ಇನ್ಸುಲಿನ್ ಸಹ ಹಾಗೆಯೇ. ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿದಾಗ ಮೊದಲು ಕಾಣಿಸಿಕೊಳ್ಳುವ ಲಕ್ಷಣಗಳಲ್ಲಿ ಇದ್ದಕ್ಕಿದ್ದಂತೆ ಬರುವ ಹಸಿವೂ ಒಂದು, ಅದರ ಜೊತೆಗೆ ತಣ್ಣನೆಯ ಬೆವರು, ಕೈನಡುಕ, ಎದೆಬಡಿತ ಇರಬಹುದು. ಆಗ ಬರಿಯ ನೀರು ಕೊಟ್ಟು ಕಾಯಿಸುವುದೆಂದರೆ ಸಕ್ಕರೆ ಇನ್ನಷ್ಟು ಇಳಿಯಲು ಬಿಟ್ಟಂತೆ. ಮೂರು ಟೀ ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿನಲ್ಲಿ ಕರಗಿಸಿ ಕುಡಿಸಿ, 15 ನಿಮಿಷದ ನಂತರ ಗ್ಲುಕೋಮೀಟರಿನಲ್ಲಿ ನೋಡಿ. ಇನ್ನೂ 70 ದಾಟಿಲ್ಲದಿದ್ದರೆ ಅಷ್ಟೇ ಮತ್ತೊಮ್ಮೆ ಕೊಡಿ, ದಾಟಿದ ಮೇಲೆ ಊಟ ಅಥವಾ ತಿಂಡಿ ಕೊಡಿ. ಮಂಪರಿನಲ್ಲಿದ್ದು ನುಂಗಲು ಆಗದಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಬರಿಯ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಇದು ವಿರಳ, ಆದರೂ ಮಾತ್ರೆಯ ಹೆಸರನ್ನು ಒಮ್ಮೆ ಓದಿ ನೋಡಿಟ್ಟುಕೊಳ್ಳಿ.

ಇನ್ನು ನಿಮ್ಮ ಪ್ರಶ್ನೆ. ಹಸಿವಿನ ಕರೆಯೂ ನೀರಡಿಕೆಯ ಕರೆಯೂ ಹುಟ್ಟುವ ಜಾಗಗಳು ಬೇರೆ ಬೇರೆ, ಅಲ್ಲಿ ಗೊಂದಲಕ್ಕೆ ಅವಕಾಶವೇ ಇಲ್ಲವೆನ್ನುವಷ್ಟು ಬೇರೆ. ಅವು ಬೆರೆಯುವುದು ಮುಂದೆ, ನಮಗೆ ಅನುಭವವಾಗುವ ಹಂತದಲ್ಲಿ.

ನೀರಡಿಕೆಯನ್ನು ಎಬ್ಬಿಸುವುದು ಬಾಯಿಯಲ್ಲ. ನಮ್ಮ ಭಾಷೆಯ "ಬಾಯಾರಿಕೆ" ಎಂಬ ಮಾತು ಬಾಯಿ ಆರುವುದನ್ನೇ, ಅಂದರೆ ಒಣಗುವುದನ್ನೇ ಹೇಳುತ್ತದೆ. ಅಮೆರಿಕದ ಶರೀರಕ್ರಿಯಾತಜ್ಞ ವಾಲ್ಟರ್ ಕ್ಯಾನನ್ 1918ರಲ್ಲಿ ಮಂಡಿಸಿದ ವಿವರಣೆಯೂ ಹೆಚ್ಚು ಕಡಿಮೆ ಇದೇ ಆಗಿತ್ತು: ಜೊಲ್ಲು ಕಡಿಮೆಯಾಗಿ ಗಂಟಲು ಒಣಗುತ್ತದೆ, ಅದನ್ನೇ ನಾವು ನೀರಡಿಕೆ ಎನ್ನುತ್ತೇವೆ. ಆದರೆ 1950ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಬೆಂಗ್ಟ್ ಆಂಡರ್ಸನ್ ಆಡುಗಳ ಮೆದುಳಿನ ಹೈಪೋಥಲಾಮಸ್ ಭಾಗಕ್ಕೆ ಗಾಢವಾದ ಉಪ್ಪುನೀರಿನ ಅತಿ ಸಣ್ಣ ಹನಿಯನ್ನು ಸೇರಿಸಿದಾಗ, ದೇಹದಲ್ಲಿ ನೀರಿನ ಕೊರತೆಯೇನೂ ಇಲ್ಲದ ಆ ಆಡುಗಳು ನೀರನ್ನು ಹುಡುಕಿಕೊಂಡು ಹೋಗಿ ಯಥೇಚ್ಛವಾಗಿ ಕುಡಿದವು. ರಕ್ತ ಎಷ್ಟು ಗಾಢವಾಗಿದೆ ಎಂಬುದನ್ನು ಅಳೆಯುವ ಕೋಶಗಳು ಮೆದುಳಿನ ಈ ಆಸುಪಾಸಿನಲ್ಲಿವೆ. ಅವು ಬಹಳ ಸೂಕ್ಷ್ಮ. ಗಾಢತೆ ನೂರಕ್ಕೆ ಒಂದೆರಡು ಭಾಗ ಏರಿದರೆ ಸಾಕು, ಎರಡು ಕೆಲಸಗಳು ಒಂದರ ಹಿಂದೆ ಒಂದು ನಡೆಯುತ್ತವೆ. ಮೊದಲು ವಾಸೋಪ್ರೆಸಿನ್ ಎಂಬ ಹಾರ್ಮೋನು ರಕ್ತಕ್ಕೆ ಬಂದು, ನೀರನ್ನು ಹಿಡಿದಿಟ್ಟುಕೊಳ್ಳುವಂತೆ ಮೂತ್ರಪಿಂಡಕ್ಕೆ ಹೇಳುತ್ತದೆ. ಮೂತ್ರ ಕಡಿಮೆಯಾಗಿ ಹಳದಿ ಬಣ್ಣಕ್ಕೆ ತಿರುಗುತ್ತದೆ. ಗಾಢತೆ ಇನ್ನೂ ಕೊಂಚ ಏರಿದ ಮೇಲಷ್ಟೇ "ನೀರು ಬೇಕು" ಎಂಬ ಅರಿವು ಮೂಡುತ್ತದೆ. ಈ ಎರಡು ಮೆಟ್ಟಿಲುಗಳ ನಡುವೆ ಒಂದು ಅಂತರವಿದೆ ಎಂಬುದನ್ನು ನೆನಪಿನಲ್ಲಿಡಿ, ನಿಮ್ಮ ನಾಲ್ಕೂವರೆಯ ಸಮಸ್ಯೆ ಅಲ್ಲಿಯೇ ಇದೆ.

ಹಸಿವಿನ ದಾರಿ ಬೇರೆ. ಹೊಟ್ಟೆ ಖಾಲಿಯಾದಂತೆ ಜಠರದ ಗೋಡೆಯಿಂದ ಗ್ರೆಲಿನ್ ಎಂಬ ಹಾರ್ಮೋನು ಹೊರಡುತ್ತದೆ, 1999ರಲ್ಲಿ ಜಪಾನಿನ ವಿಜ್ಞಾನಿಗಳು ಪತ್ತೆಹಚ್ಚಿದ್ದು. ಅದು ಹೈಪೋಥಲಾಮಸ್‌ನ ಬೇರೊಂದು ಗುಂಪಿನ ಕೋಶಗಳನ್ನು ಎಬ್ಬಿಸುತ್ತದೆ. ಊಟವಾದ ಮೇಲೆ ಜಠರ ಹಿಗ್ಗಿದ ಸುದ್ದಿಯನ್ನು ವೇಗಸ್ ನರ ಮೆದುಳಿಗೆ ಒಯ್ಯುತ್ತದೆ, ಕರುಳಿನ ಹಾರ್ಮೋನುಗಳು "ಸಾಕು" ಎನ್ನುತ್ತವೆ, ಗ್ರೆಲಿನ್ ಇಳಿಯುತ್ತದೆ. ಗ್ರೆಲಿನ್‌ಗೆ ಒಂದು ವಿಶೇಷ ಗುಣವಿದೆ: ಅದು ಹೊಟ್ಟೆಯ ಸ್ಥಿತಿಯನ್ನಷ್ಟೇ ಅಲ್ಲದೆ ಗಡಿಯಾರವನ್ನೂ ನೋಡುತ್ತದೆ. ದಿನವೂ ಯಾವ ಹೊತ್ತಿಗೆ ತಿನ್ನುತ್ತೀರೋ ಆ ಹೊತ್ತಿಗೆ ಸ್ವಲ್ಪ ಮೊದಲೇ ಏರಲು ಆರಂಭಿಸುತ್ತದೆ. ನೀವು ವರ್ಷಗಳಿಂದ ನಾಲ್ಕೂವರೆಗೆ ತಿಂಡಿಯ ಡಬ್ಬಿ ತೆರೆಯುತ್ತಿದ್ದರೆ, ಶಾಲೆಯ ಕೊನೆಯ ಗಂಟೆ ಬಾರಿಸುವುದರೊಳಗೆ ನಿಮ್ಮ ಜಠರ ಸಿದ್ಧವಾಗಿರುತ್ತದೆ.

ಹಾಗಾದರೆ ಇವು ಬೆರೆಯುವುದೆಲ್ಲಿ? ಒಂದು, ದೇಹದ ಒಳಗಿನ ಸುದ್ದಿಗಳೆಲ್ಲ ಕೊನೆಗೆ ಅನುಭವವಾಗಿ ಮೂಡುವುದರಲ್ಲಿ ಮೆದುಳಿನ ಇನ್ಸುಲಾ ಎಂಬ ಭಾಗಕ್ಕೆ ದೊಡ್ಡ ಪಾಲಿದೆ, ಅಲ್ಲಿಗೆ ಹಸಿವೂ ನೀರಡಿಕೆಯೂ ಬಂದು ಸೇರುತ್ತವೆ. ಎರಡರ ಸೌಮ್ಯ ರೂಪಗಳಿಗೂ ಸುಸ್ತು, ತಲೆಭಾರ, ಸಿಡುಕು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು ಎಂಬ ಒಂದೇ ಬಗೆಯ ಉಡುಪು. ಇನ್ನೊಂದು, ಎರಡೂ ಕರೆಗಳು ದೇಹದ ಕೊರತೆ ನಿಜವಾಗಿ ತುಂಬುವ ಮೊದಲೇ ಸುಮ್ಮನಾಗುತ್ತವೆ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದರಲ್ಲಿ 2015 ಮತ್ತು 2016ರಲ್ಲಿ ಇಲಿಗಳ ಮೆದುಳಿನ ಈ ಕೋಶಗಳನ್ನು ನೇರವಾಗಿ ಗಮನಿಸಿದರು. ಹಸಿದ ಇಲಿಗೆ ಆಹಾರ ಕಂಡ ಕ್ಷಣಗಳಲ್ಲೇ, ಒಂದು ತುತ್ತೂ ಒಳಗೆ ಹೋಗುವ ಮುಂಚೆಯೇ, ಹಸಿವಿನ ಕೋಶಗಳು ತಣ್ಣಗಾದವು. ನೀರು ಕುಡಿದ ಒಂದು ನಿಮಿಷದೊಳಗೆ, ಆ ನೀರು ರಕ್ತಕ್ಕೆ ಸೇರುವುದಕ್ಕೆ ಬಹಳ ಮೊದಲೇ, ನೀರಡಿಕೆಯ ಕೋಶಗಳೂ ತಣ್ಣಗಾದವು. ಆಹಾರ ತಿಂದ ಕೂಡಲೇ ನೀರಡಿಕೆಯ ಕೋಶಗಳು ಎಚ್ಚರಗೊಂಡದ್ದೂ ಕಂಡುಬಂತು. ಊಟಕ್ಕೆ ಕುಳಿತಾಗ ಲೋಟದ ಕಡೆ ಕೈ ಹೋಗುವುದು ಇದೇ ಕಾರಣದಿಂದ ಇರಬೇಕು. ನಾವು ದಿನದಲ್ಲಿ ಕುಡಿಯುವ ನೀರಿನ ಬಹುಪಾಲು ಊಟ ತಿಂಡಿಗಳ ಜೊತೆಗೇ ಹೋಗುತ್ತದೆ. ಹೀಗೆ ಬಾಯಿ, ಗಂಟಲು, ಜಠರಗಳಿಂದ ಬರುವ ಮುಂಗಡ ಸುದ್ದಿಯನ್ನು ನಂಬಿ ಮೆದುಳು ತೀರ್ಮಾನಕ್ಕೆ ಬರುವುದರಿಂದ, ಆ ಮುಂಗಡ ಸುದ್ದಿ ದಾರಿ ತಪ್ಪಿಸಿದರೆ ಅರಿವೂ ತಾತ್ಕಾಲಿಕವಾಗಿ ದಾರಿ ತಪ್ಪುತ್ತದೆ.

ನಿಮ್ಮ ಗೆಳತಿಯ ಮಾತಿಗೆ ಅಡ್ಡ ಬರುವ ಸಂಗತಿಯೊಂದಿದೆ. ನೀರಿನ ಕೊರತೆ ನಿಜವಾಗಿ ಗಟ್ಟಿಯಾಗಿದ್ದರೆ ಹಸಿವು ಹೆಚ್ಚುವುದಿಲ್ಲ, ಅಡಗುತ್ತದೆ. ಆಹಾರ ಅರಗಲು ಜೊಲ್ಲು, ಜಠರರಸ, ಕರುಳಿನ ರಸ ಎಂದು ದೇಹ ನೀರನ್ನು ಸುರಿಯಬೇಕು. ನೀರಿಲ್ಲದಾಗ ಆ ವೆಚ್ಚವನ್ನು ಅದು ಮುಂದೂಡುತ್ತದೆ. ದನಕರು ಸಾಕಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಬೇಸಿಗೆಯಲ್ಲಿ ನೀರು ಕಾಣದ ಎತ್ತು ಒಣಹುಲ್ಲಿನ ಮುಂದೆ ನಿಂತೇ ಇರುತ್ತದೆ, ಬಾಯಿ ಹಾಕುವುದಿಲ್ಲ. ಬಾನಿಯ ನೀರು ಕುಡಿಸಿದ ಮೇಲೆ ಮೇಯುತ್ತದೆ. ಆದ್ದರಿಂದ "ನಿಮ್ಮ ಹಸಿವಿನಲ್ಲಿ ಬಹುಪಾಲು ನೀರಡಿಕೆಯೇ" ಎಂದು ಶೇಕಡಾವಾರು ಸಮೇತ ಹೇಳುವವರನ್ನು ನಾನು ನಂಬುವುದಿಲ್ಲ. ನೀರಡಿಕೆ ಹಸಿವಿನ ವೇಷ ಹಾಕುವುದು ಹೆಚ್ಚಾಗಿ ಒದ್ದೆ ಆಹಾರದ ಆಸೆಯಾಗಿ: ಸೌತೆಕಾಯಿ, ಕಲ್ಲಂಗಡಿ, ಮೊಸರನ್ನ. ಇವುಗಳಲ್ಲಿ ನೀರೇ ಹೆಚ್ಚು. ಸೌತೆಕಾಯಿಯಲ್ಲಂತೂ ನೂರಕ್ಕೆ 95 ಭಾಗ ನೀರು. ತಣ್ಣನೆಯ ಸಿಹಿ ಪಾನೀಯವೋ ಎರಡು ಚಮಚ ಸಕ್ಕರೆಯ ಚಹಾವೋ ನೀರಡಿಕೆಗೆ ಉತ್ತರವಾದಾಗ ಮಾತ್ರ ಲೆಕ್ಕ ತಪ್ಪುತ್ತದೆ, ಏಕೆಂದರೆ ದ್ರವವಾಗಿ ಹೋದ ಸಕ್ಕರೆಯನ್ನು ಹಸಿವು ತನ್ನ ಖಾತೆಗೆ ಸರಿಯಾಗಿ ಬರೆದುಕೊಳ್ಳುವುದಿಲ್ಲ.

ಈಗ ನಿಮ್ಮ ದಿನದ ನೀರಿನ ಜಮಾಖರ್ಚು ಬರೆದು ನೋಡೋಣ. ನೀವು ವಿವರ ಕೊಟ್ಟಿಲ್ಲವಾದ್ದರಿಂದ ಏಪ್ರಿಲ್ ತಿಂಗಳ ಒಂದು ಸಾಮಾನ್ಯ ಶಾಲಾದಿನವನ್ನು ನಾನೇ ಊಹಿಸಿಕೊಳ್ಳುತ್ತೇನೆ, ನಿಮ್ಮ ಅಂಕಿಗಳನ್ನು ಅದರ ಜಾಗದಲ್ಲಿ ಇಟ್ಟುಕೊಳ್ಳಿ. ಬೆಳಿಗ್ಗೆ ಆರಕ್ಕೆ ಕಾಫಿ 150 ಮಿಲಿಲೀಟರ್, ತಿಂಡಿಯ ಜೊತೆ ಒಂದು ಲೋಟ ನೀರು 200, ಮಧ್ಯಾಹ್ನ ಅರ್ಧ ಲೋಟ 100. ನಾಲ್ಕು ಇಡ್ಲಿ, ಚಟ್ನಿ, ಸಾಂಬಾರಿನಿಂದ ಸುಮಾರು 200, ಡಬ್ಬಿಯ ಚಿತ್ರಾನ್ನದಿಂದ 150. ಆಹಾರ ದೇಹದಲ್ಲಿ ಉರಿಯುವಾಗ ಹುಟ್ಟುವ ನೀರು ಸುಮಾರು 100. ಒಟ್ಟು ಜಮಾ 900. (ಕಾಫಿ ನೀರನ್ನು ಹೊರಹಾಕುತ್ತದೆಂದು ಅದನ್ನು ಲೆಕ್ಕದಿಂದ ಬಿಡುವವರಿದ್ದಾರೆ, ದಿನವೂ ಕುಡಿದು ಅಭ್ಯಾಸವಿರುವವರಿಗೆ ಒಂದೆರಡು ಲೋಟ ಕಾಫಿಯಿಂದ ನಿವ್ವಳ ನಷ್ಟವೇನೂ ಆಗುವುದಿಲ್ಲ.) ಖರ್ಚಿನ ಕಡೆ, ಉಸಿರು ಮತ್ತು ಚರ್ಮದಿಂದ ನಮಗೆ ತಿಳಿಯದಂತೆ ಗಂಟೆಗೆ ಸುಮಾರು 40ರಂತೆ ಹತ್ತೂವರೆ ಗಂಟೆಗೆ 420, ಬಸ್ಸಿನ ದಾರಿ ಮತ್ತು ಫ್ಯಾನು ನಿಧಾನಕ್ಕೆ ತಿರುಗುವ ತರಗತಿಗಳ ಬೆವರು 500, ಮೂತ್ರ 450. ಒಟ್ಟು 1370. ಅಂದರೆ ನಾಲ್ಕೂವರೆಗೆ ನೀವು ಹತ್ತಿರ ಹತ್ತಿರ ಅರ್ಧ ಲೀಟರ್ ಕೊರತೆಯಲ್ಲಿದ್ದೀರಿ.

60 ಕಿಲೋ ತೂಕದ ಮಹಿಳೆಯ ದೇಹದಲ್ಲಿ ನೀರು ಸುಮಾರು 30 ಲೀಟರ್. ಅದರಲ್ಲಿ ಅರ್ಧ ಲೀಟರ್ ಎಂದರೆ ನೂರಕ್ಕೆ ಒಂದೂವರೆಗಿಂತ ಸ್ವಲ್ಪ ಹೆಚ್ಚು. ಬೆವರಿನಲ್ಲಿ ಒಂದಿಷ್ಟು ಉಪ್ಪೂ ಹೋಗುವುದರಿಂದ ರಕ್ತದ ಗಾಢತೆ ಅಷ್ಟು ಪೂರ್ತಿಯಾಗಿ ಏರದಿರಬಹುದು. ಮೇಲೆ ಹೇಳಿದ ಎರಡು ಮೆಟ್ಟಿಲುಗಳಲ್ಲಿ ಮೊದಲನೆಯದನ್ನು ನೀವು ದಾಟಿದ್ದೀರಿ, ಎರಡನೆಯದರ ಹೊಸ್ತಿಲಲ್ಲಿ ನಿಂತಿದ್ದೀರಿ. ಮೂತ್ರ ಹಳದಿಯಾಗಿದೆ, ಸುಸ್ತು ಬಂದಿದೆ, ಆದರೆ "ನೀರು ಬೇಕು" ಎಂಬ ಕೂಗು ಇನ್ನೂ ಗಟ್ಟಿಯಾಗಿಲ್ಲ. ಅದೇ ಹೊತ್ತಿಗೆ ಚಿತ್ರಾನ್ನ ಉಂಡು ಮೂರೂವರೆ ಗಂಟೆಯಾಗಿದೆ, ಗಡಿಯಾರದ ಅಭ್ಯಾಸದಂತೆ ಗ್ರೆಲಿನ್ ಏರಿದೆ, ಹಸಿವಿನ ಕೂಗು ಗಟ್ಟಿಯಾಗಿದೆ. ಇಲ್ಲಿ ಒಂದು ಇನ್ನೊಂದರ ವೇಷ ಹಾಕಿಕೊಂಡಿಲ್ಲ, ಎರಡೂ ನಿಜವೇ. ಗಟ್ಟಿ ದನಿಯ ಹಸಿವು ಸಣ್ಣ ದನಿಯ ನೀರಡಿಕೆಯನ್ನು ಮುಚ್ಚಿಹಾಕಿದೆ. ಇಬ್ಬರೂ ಸೇರಿ ತಂದ ಸುಸ್ತನ್ನೆಲ್ಲ ನೀವು ಹಸಿವಿನ ಹೆಸರಿಗೆ ಬರೆದು, ಅಷ್ಟಕ್ಕೂ ಪರಿಹಾರವೆಂದು ತಿನ್ನುತ್ತಿದ್ದೀರಿ. ಆಗ ಎರಡರ ಜಾಗದಲ್ಲಿ ನಾಲ್ಕು ನಿಪ್ಪಟ್ಟು ಹೋಗುತ್ತವೆ. ಅದರಲ್ಲಿ ನೀರಿನ ಅಂಶ ಇಲ್ಲವೆನ್ನುವಷ್ಟು ಕಡಿಮೆ, ಉಪ್ಪು ಧಾರಾಳ. ಸುಸ್ತು ಪೂರ್ತಿ ಹೋಗುವುದಿಲ್ಲ, ಸ್ವಲ್ಪ ಹೊತ್ತಿಗೆ ತಂಬಿಗೆ ನೀರು ಬೇಕೆನಿಸುತ್ತದೆ.

ಗೆಳತಿ ಹೇಳಿದ ಪರೀಕ್ಷೆಯ ದೋಷವೂ ಇಲ್ಲೇ ಇದೆ. "ನೀರು ಕುಡಿದು ಹಸಿವು ಹೋದರೆ ಅದು ನೀರಡಿಕೆ" ಎಂಬ ವಾದ ಕೇಳಲು ಚೆನ್ನಾಗಿದೆ, ಆದರೆ ನಿಜವಾದ ಹಸಿವೂ ನೀರಿನಿಂದ ಸ್ವಲ್ಪ ಹೊತ್ತು ಹೋಗುತ್ತದೆ. 1912ರಲ್ಲಿ ಇದೇ ಕ್ಯಾನನ್ ತನ್ನ ಶಿಷ್ಯ ವಾಶ್‌ಬರ್ನ್‌ಗೆ ಒಂದು ಸಣ್ಣ ಬಲೂನನ್ನು ನುಂಗಿಸಿ, ಖಾಲಿ ಜಠರ ಕಿವುಚಿಕೊಳ್ಳುವ ಹೊತ್ತಿಗೂ ಅವನಿಗೆ ಹಸಿವು ಚುಚ್ಚುವ ಹೊತ್ತಿಗೂ ತಾಳೆಯಾಗುವುದನ್ನು ತೋರಿಸಿದ್ದ. ಹಸಿವೆಂದರೆ ಅಷ್ಟೇ ಅಲ್ಲವೆಂದು ಆಮೇಲೆ ತಿಳಿಯಿತಾದರೂ, ಜಠರಕ್ಕೆ ಏನಾದರೂ ಬಿದ್ದು ಅದು ಹಿಗ್ಗಿದರೆ ಚುರುಗುಟ್ಟುವಿಕೆ ನಿಲ್ಲುತ್ತದೆ ಎಂಬುದಂತೂ ನಿಜ, ಬಿದ್ದದ್ದು ಬರಿಯ ನೀರಾದರೂ ಸರಿಯೇ. ಆದರೆ ನೀರು ಜಠರದಲ್ಲಿ ನಿಲ್ಲುವುದಿಲ್ಲ. ಒಂದು ಲೋಟದಲ್ಲಿ ಅರ್ಧದಷ್ಟು ಹತ್ತು ಹದಿನೈದು ನಿಮಿಷಕ್ಕೆ ಕರುಳಿಗೆ ಇಳಿದಿರುತ್ತದೆ, ಅರ್ಧ ಗಂಟೆಗೆ ಹೆಚ್ಚೇನೂ ಉಳಿದಿರುವುದಿಲ್ಲ. ಆದ್ದರಿಂದ ನೀರು ಕುಡಿದ ಐದನೇ ನಿಮಿಷದಲ್ಲಿ ಹಸಿವು ಇಲ್ಲವೆನಿಸಿದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ನಿಮಗೆ ಅರ್ಧ ಗಂಟೆಗೆ ಅದು ಮರಳಿ ಬರುತ್ತಿದೆ ಎಂದರೆ ಹಸಿವಿನ ಅಂಶ ನಿಜವೆಂದೇ ಅರ್ಥ. ಸುಸ್ತು, ತಲೆಭಾರ ಹೋಗಿ ಚುರುಗುಟ್ಟುವಿಕೆ ಮಾತ್ರ ಮರಳಿ ಬಂದರೆ, ಹೋದದ್ದರಲ್ಲಿ ನೀರಡಿಕೆಯ ಪಾಲಿತ್ತು, ಬಂದದ್ದು ಹಸಿವಿನ ಪಾಲು.

ಹೀಗಾಗಿ ತೀರ್ಪನ್ನು ಕುಡಿದ ಕೂಡಲೇ ಕೊಡದೆ ಮೂವತ್ತೈದು ನಲವತ್ತು ನಿಮಿಷಕ್ಕೆ ಕೊಡಿ. ಅದಕ್ಕೂ ಮುಂಚೆ, ಮನೆಗೆ ಬಂದು ಏನನ್ನೂ ಮುಟ್ಟುವ ಮೊದಲು, ಮೂತ್ರದ ಬಣ್ಣ ನೋಡಿಕೊಳ್ಳಿ. ತಿಳಿ ಹುಲ್ಲಿನ ಬಣ್ಣವಿದ್ದರೆ ನೀರಿನ ಕೊರತೆಯನ್ನು ಪಟ್ಟಿಯಿಂದ ಬಿಡಬಹುದು. ಸಾಸಿವೆ ಎಣ್ಣೆಯಂತೆ ಗಾಢ ಹಳದಿ ಇದ್ದು ಪ್ರಮಾಣವೂ ಕಡಿಮೆಯಿದ್ದರೆ ಕೊರತೆ ಇದೆ. ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗುತ್ತಿದ್ದರೆ ಮಾತ್ರ ಈ ಗುರುತು ನಂಬಿಕೆಗೆ ಅರ್ಹವಲ್ಲ, ಏಕೆಂದರೆ ಅದರಲ್ಲಿನ ರೈಬೋಫ್ಲೇವಿನ್ ಮೂತ್ರಕ್ಕೆ ತಾನೇ ಹೊಳೆಯುವ ಹಳದಿ ಕೊಡುತ್ತದೆ. ಬಾಯಿ ಒಣಗಿದೆಯೇ ಎಂಬುದನ್ನು ನಿಮ್ಮ ವಿಷಯದಲ್ಲಿ ನಾನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಐದು ಪೀರಿಯಡ್ ಪಾಠ ಮಾಡಿದವರ ಬಾಯಿ, ದೇಹದಲ್ಲಿ ನೀರು ಎಷ್ಟೇ ಇದ್ದರೂ ಒಣಗಿರುತ್ತದೆ; ನಾನೂ ಮೈಸೂರಿನಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗೆ ಶರೀರಕ್ರಿಯಾಶಾಸ್ತ್ರ ಪಾಠ ಮಾಡಿದವನಾದ್ದರಿಂದ ಇದನ್ನು ಪುಸ್ತಕ ನೋಡದೆ ಹೇಳಬಲ್ಲೆ. ಇನ್ನೊಂದು ಸಣ್ಣ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ. ಮುಂದೆ ನಿಪ್ಪಟ್ಟಿನ ಬದಲು ಬೆಳಗಿನ ತಣ್ಣನೆಯ ಚಪಾತಿ ಇದ್ದರೂ ತಿನ್ನುತ್ತೀರಾ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಒಣ ಚಪಾತಿಯೂ ಸರಿಯೆನಿಸಿದರೆ ಹಸಿವು ನಿಜ. ಅದು ಬೇಡ, ಕಲ್ಲಂಗಡಿಯೋ ಮಜ್ಜಿಗೆಯೋ ಇದ್ದರೆ ಸರಿ ಎನಿಸಿದರೆ ಕೂಗುತ್ತಿರುವುದು ನೀರಡಿಕೆ. ಎರಡೂ ಬೇಡ, ನಿಪ್ಪಟ್ಟೇ ಬೇಕು ಎನಿಸಿದರೆ ಅದು ಹಸಿವೂ ಅಲ್ಲ, ನೀರಡಿಕೆಯೂ ಅಲ್ಲ, ನಾಲಿಗೆಯ ಚಪಲ. ಅದಕ್ಕೆ ನನ್ನ ಬಳಿ ಔಷಧಿಯಿಲ್ಲ.

ಮಾಡಬೇಕಾದದ್ದು ನಾಲ್ಕೂವರೆಗಲ್ಲ, ಅದಕ್ಕೂ ಮೊದಲು. ಶಾಲೆ ಮುಗಿಯುವ ಹೊತ್ತಿಗೆ, ಸುಮಾರು ಮೂರೂವರೆಗೆ, ಒಂದು ಲೋಟ ನೀರು ಕುಡಿಯಿರಿ. ಕೊರತೆ ಇರುವ ದೇಹ ಅದನ್ನು ಹಿಡಿದಿಟ್ಟುಕೊಳ್ಳುತ್ತದೆಯೇ ಹೊರತು ಒಂದು ಗಂಟೆಯೊಳಗೆ ನಿಮ್ಮನ್ನು ಶೌಚಾಲಯಕ್ಕೆ ಓಡಿಸುವುದಿಲ್ಲ; ವಾಸೋಪ್ರೆಸಿನ್ ಆಗ ಕೆಲಸದಲ್ಲಿರುತ್ತದೆ. ಹಾಗೆಯೇ ಮಧ್ಯಾಹ್ನದ ಡಬ್ಬಿಗೆ ಚಿತ್ರಾನ್ನದ ಜಾಗದಲ್ಲಿ ವಾರಕ್ಕೆರಡು ದಿನ ಮೊಸರನ್ನ, ಪಕ್ಕಕ್ಕೆ ಸೌತೆಕಾಯಿ ಇಟ್ಟುಕೊಂಡರೆ ಕುಡಿಯದೆಯೇ ನೂರೈವತ್ತು ಮಿಲಿಲೀಟರಿನಷ್ಟು ನೀರು ಹೆಚ್ಚು ಒಳಗೆ ಹೋಗುತ್ತದೆ. ಮನೆಗೆ ಬಂದ ಮೇಲೆ ಒಂದು ದೊಡ್ಡ ಲೋಟ ಮಜ್ಜಿಗೆ, ಜೊತೆಗೆ ಒಂದು ಹಿಡಿ ಹುರಿಗಡಲೆ ಅಥವಾ ಕಡಲೆಕಾಯಿ. ಇದು ಎರಡು ಕರೆಗಳಿಗೂ ಒಟ್ಟಿಗೆ ಉತ್ತರ. ಬಿಸಿಲಿನಿಂದ ಬಂದವರಿಗೆ ನಮ್ಮ ಕಡೆಯ ಹಳ್ಳಿಗಳಲ್ಲಿ ನೀರಿನ ಜೊತೆ ಒಂದು ಚೂರು ಬೆಲ್ಲ ಕೊಡುತ್ತಿದ್ದರು. ಬಂದವನಿಗೆ ಹಸಿವೋ ನೀರಡಿಕೆಯೋ ಎಂದು ಯಾರೂ ವಿಚಾರಿಸುತ್ತಿರಲಿಲ್ಲ. ಹಾಗೆಂದು ಕೊರತೆಯನ್ನೆಲ್ಲ ಒಮ್ಮೆಗೇ ತುಂಬಿಸಲು ಎರಡು ಮೂರು ಲೀಟರ್ ಸುರಿದುಕೊಳ್ಳಬೇಡಿ. ಅಷ್ಟನ್ನು ಅವಸರದಲ್ಲಿ ಕುಡಿದರೆ ರಕ್ತದ ಸೋಡಿಯಂ ಇಳಿದು ಬೇರೆಯೇ ತೊಂದರೆ ಬರುತ್ತದೆ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಗೆ ನೀರಿನ ಮಿತಿ ಹಾಕಿಸಿಕೊಂಡವರಿಗೆ ಈ ಅಳತೆಗಳು ಯಾವುವೂ ಅನ್ವಯಿಸುವುದಿಲ್ಲ.

ಅತ್ತೆಯವರ ಬಗ್ಗೆ ಇನ್ನೊಂದು ಮಾತು ಉಳಿದಿದೆ. ವಯಸ್ಸಾದಂತೆ ನೀರಡಿಕೆಯ ಕರೆಯೇ ಮಂಕಾಗುತ್ತದೆ. 1984ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆರೋಗ್ಯವಂತರಾದ ಹಿರಿಯರನ್ನೂ ಯುವಕರನ್ನೂ 24 ಗಂಟೆ ನೀರಿಲ್ಲದೆ ಇರಿಸಿದಾಗ, ರಕ್ತ ಹೆಚ್ಚು ಗಾಢವಾಗಿದ್ದದ್ದು ಹಿರಿಯರಲ್ಲಿ. ಆದರೂ ನೀರಡಿಕೆ ಕಡಿಮೆಯೆಂದವರೂ ಅವರೇ, ನೀರು ಮುಂದಿಟ್ಟಾಗ ಕಡಿಮೆ ಕುಡಿದವರೂ ಅವರೇ. ಆದ್ದರಿಂದ ಅತ್ತೆಯವರು ಕೇಳಲಿ ಎಂದು ಕಾಯದೆ, ಅವರ ವೈದ್ಯರು ಮಿತಿ ಹೇಳಿಲ್ಲದಿದ್ದರೆ, ಮಾತ್ರೆಯ ಹೊತ್ತಿಗೆ ಮತ್ತು ಊಟ ತಿಂಡಿಗಳ ಹೊತ್ತಿಗೆ ಲೋಟ ತುಂಬ ನೀರು ಇಟ್ಟುಬಿಡಿ. ಅವರು ಹಸಿವೆಂದರೆ ಮಾತ್ರ ಮೊದಲು ಗ್ಲುಕೋಮೀಟರ್, ಅದು ಕೈಗೆ ಸಿಗದಿದ್ದರೆ ಸಕ್ಕರೆ ನೀರು.

ನಿಮ್ಮ ವಿಷಯದಲ್ಲಿಯೂ ಒಂದು ಪರೀಕ್ಷೆ ಬಾಕಿಯಿಟ್ಟುಕೊಳ್ಳಬೇಡಿ. ಎರಡು ವಾರ ಹೀಗೆ ನೀರು ಕುಡಿದ ಮೇಲೂ ಹಸಿವು ಮತ್ತು ನೀರಡಿಕೆ ಎರಡೂ ಹಿಡಿದುಕೊಂಡೇ ಇದ್ದು, ಮೂತ್ರ ತಿಳಿಯಾಗಿಯೂ ಪದೇ ಪದೇ ಹೋಗುತ್ತಿದ್ದು, ರಾತ್ರಿ ಎರಡು ಮೂರು ಸಲ ಏಳಬೇಕಾಗಿ ಬಂದು, ತಿಂದರೂ ತೂಕ ಇಳಿಯುತ್ತಿದ್ದರೆ, ಅದು ಸಕ್ಕರೆ ಕಾಯಿಲೆಯ ಚಿತ್ರ. ಸಕ್ಕರೆ ಮೂತ್ರದಲ್ಲಿ ಸೋರುವಾಗ ತನ್ನೊಂದಿಗೆ ನೀರನ್ನೂ ಎಳೆದೊಯ್ಯುವುದರಿಂದ ಅಲ್ಲಿ ಎರಡು ಕರೆಗಳೂ ಒಂದೇ ಕಾರಣದಿಂದ ಏಳುತ್ತವೆ. ರಾತ್ರಿ ಕನಿಷ್ಠ ಎಂಟು ಗಂಟೆಗಳ ಕಾಲ ಏನೂ ತಿನ್ನದೆ ಇದ್ದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಿ, ನೀರು ಮಾತ್ರ ಕುಡಿಯಬಹುದು. ಫಲಿತಾಂಶ 126 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ, ಇಲ್ಲವೆ 100ರಿಂದ 125ರ ನಡುವೆ ಬಂದರೂ, ಆ ಚೀಟಿಯನ್ನು ನಿಮ್ಮ ವೈದ್ಯರಿಗೆ ತೋರಿಸಿ.